ಖಾತೆಯಲ್ಲಿ ಇಲ್ಲದ ಹೆಂಗಸು: ಧಾತು-ಈಶ್ವರ ಬರದ ಒಂದು ಮನೆಯನ್ನು ಹುಡುಕಿದ ಪ್ರಕರಣ

ಊರಿನ ಹೆಸರು ಹೇಳುವುದಿಲ್ಲ. ಹಳೇ ಮೈಸೂರು ಸಂಸ್ಥಾನದ ಚಿತ್ರದುರ್ಗದ ಸೀಮೆ, ಒಂದು ಕೆರೆ ಹಿಂದಿನ ಹಳ್ಳಿ ಅಂತಿಟ್ಟುಕೊಳ್ಳಿ. ಮನೆತನದ ಹೆಸರು, ಸರ್ವೆ ನಂಬರು ಎರಡನ್ನೂ ಬಿಟ್ಟಿದ್ದೇನೆ. ಎಕರೆ-ಗುಂಟೆಯ ಲೆಕ್ಕವನ್ನೂ ಖಾತೆಗಳ ಎಣಿಕೆಯನ್ನೂ ಸ್ವಲ್ಪ ಬದಲಿಸಿದ್ದೇನೆ. ಯಾಕೆಂದರೆ ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ, ಮತ್ತು ಎರಡು ಕವಲಿನವರು ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುವ ಮೊದಲು ಈಗಲೂ ಒಂದು ನಿಮಿಷ ಯೋಚನೆ ಮಾಡುತ್ತಾರೆ. ನೂರಮೂವತ್ತು ವರ್ಷದ ಹಿಂದಿನ ದಾವಾ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಜಮೀನಿನ ಜಗಳಕ್ಕೆ ಅದು ತುಂಬಾ ಹಳೆಯದೇನಲ್ಲ.

ಶುರುವಾಗಿದ್ದು ಎಲ್ಲಿಂದ

ನನ್ನ ಮೊದಲ ಪ್ರಶ್ನೆಗೂ ಈ ಹೆಂಗಸಿಗೂ ಸಂಬಂಧ ಇರಲಿಲ್ಲ. 1876ರಿಂದ 78ರವರೆಗಿನ ದೊಡ್ಡ ಬರ, ನಮ್ಮ ಕಡೆ ಹಿರಿಯರು ಧಾತು-ಈಶ್ವರ ಬರ ಅಂತ ಸಂವತ್ಸರದ ಹೆಸರಲ್ಲಿ ಕರೆಯುತ್ತಿದ್ದುದು, ಅದರಲ್ಲಿ ಯಾರ ಜಮೀನು ಉಳಿಯಿತು, ಯಾರದು ಹೋಯಿತು ಅಂತ ಒಂದೇ ಒಂದು ಹಳ್ಳಿಯ ಮಟ್ಟದಲ್ಲಿ ನೋಡಬೇಕು ಅಂತಿತ್ತು.

ಜನಗಣತಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. 1871ರಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ 55 ಸಾವಿರ. 1881ರ ಫೆಬ್ರವರಿ 17ರ ರಾತ್ರಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನ ನೂರಕ್ಕೆ 17ರಷ್ಟು ಕಮ್ಮಿಯಾದರು. ಚಿತ್ರದುರ್ಗದ ಕಡೆ ಏಟು ಇದಕ್ಕಿಂತಲೂ ಜಾಸ್ತಿ.

ಆದರೆ ಜನಗಣತಿ ನನಗೆ ಅಲ್ಲಿಂದ ಮುಂದಕ್ಕೆ ದಾರಿ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯರ ಬದುಕು ಹುಡುಕುವವರಿಗೆ ಒಂದು ಭಾಗ್ಯ ಇದೆ. ಅಲ್ಲಿ ಎಣಿಕೆದಾರರು ಮನೆ ಮನೆಗೆ ಹೋಗಿ ಬರೆದ ಪುಸ್ತಕಗಳೇ ಉಳಿದಿವೆ, ನೂರು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ಒಂದು ಬೀದಿಯ ಒಂದು ಮನೆಯಲ್ಲಿ ಯಾರ್ಯಾರಿದ್ದರು, ಯಾರ ವಯಸ್ಸೆಷ್ಟು, ಏನು ಕೆಲಸ ಮಾಡುತ್ತಿದ್ದರು ಅಂತ ಹೆಸರು ಸಮೇತ ಸಿಗುತ್ತದೆ. ನಮ್ಮಲ್ಲಿ ಕೋಷ್ಟಕಗಳು ತಯಾರಾದ ಮೇಲೆ ಮನೆಯ ಪಟ್ಟಿಗಳನ್ನು ಇಟ್ಟುಕೊಳ್ಳಲಿಲ್ಲ. ಉಳಿದಿರುವುದು ಮೊತ್ತಗಳು ಮಾತ್ರ. ಜಿಲ್ಲೆ, ತಾಲ್ಲೂಕು, ಜಾತಿ, ವಯಸ್ಸಿನ ಮೊತ್ತಗಳು. ಹೆಸರಿರುವ ಒಬ್ಬ ಮನುಷ್ಯನೂ ಅದರಲ್ಲಿ ಇಲ್ಲ.

ಹೆಸರು ಬೇಕು ಅಂದರೆ ಜಮೀನಿನ ದಾಖಲೆಗೆ ಹೋಗಬೇಕು. ಮೈಸೂರಿನಲ್ಲಿ ಬೊಂಬಾಯಿ ಪದ್ಧತಿಯ ಸರ್ವೆ 1860ರ ದಶಕದಲ್ಲಿ ಚಿತ್ರದುರ್ಗದ ಕಡೆಯಿಂದಲೇ ಶುರುವಾಯಿತು, ಹಾಗಾಗಿ ಈ ಹಳ್ಳಿಗೆ ಬರದ ಮೊದಲಿನ ಪುಸ್ತಕವೂ ಇದೆ, ಬರದ ನಂತರದ್ದೂ ಇದೆ. ಪ್ರತಿ ಹೊಲಕ್ಕೆ ಒಂದು ಸರ್ವೆ ನಂಬರು, ವಿಸ್ತೀರ್ಣ ಎಕರೆ-ಗುಂಟೆಯಲ್ಲಿ, ಅದರಲ್ಲಿ ಖರಾಬು ಎಷ್ಟು, ಖುಷ್ಕಿಯೋ ತರಿಯೋ, ಕಂದಾಯ ಎಷ್ಟು, ಖಾತೆದಾರ ಯಾರು. ಎರಡು ಪುಸ್ತಕ ಪಕ್ಕ ಪಕ್ಕ ಇಟ್ಟು ಹೆಸರು ಹೋಲಿಸಿದರೆ ಆಯಿತು ಅಂದುಕೊಂಡೆ.

ನಾನು ಮಾಡಿದ ತಪ್ಪು

ಹೋಲಿಸಿದೆ. ಬರದ ಮೊದಲು 61 ಖಾತೆ, ನಂತರ 58. ಐವತ್ತಕ್ಕೂ ಜಾಸ್ತಿ ಹೆಸರುಗಳು ಹಾಗೆ ಹಾಗೇ ಇವೆ, ಅಪ್ಪನ ಹೆಸರೂ ಅದೇ, ಹೊಲವೂ ಅದೇ.

ತೀರ್ಮಾನ ತಾನಾಗಿಯೇ ಬಂತು. ಜಮೀನಿದ್ದವರು ಬದುಕಿಕೊಂಡರು, ಇಲ್ಲದ ಕೂಲಿಯವರು ಸತ್ತರು ಇಲ್ಲವೇ ಊರು ಬಿಟ್ಟರು. ಇದು ಪೂರ್ತಿ ಸುಳ್ಳೂ ಅಲ್ಲ, ಕೂಲಿಯವರಿಗೇ ಬರದ ಏಟು ಮೊದಲು ಬೀಳುವುದು. ಒಂದು ಸಣ್ಣ ಗೋಷ್ಠಿಯಲ್ಲಿ ಇದನ್ನು ಓದಿದೆ, ನಾಲ್ಕು ಜನ ತಲೆಯಾಡಿಸಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್ ಒಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು. "ಅಲ್ಲಾ ಸಾರ್, ಖಾತೆದಾರ ಸತ್ತ ಅಂತ ಶಾನುಭೋಗರಿಗೆ ಹೇಳೋಕೆ ಯಾರು ಹೋಗ್ತಿದ್ರು? ನಮ್ಮ ಕಾಲದಲ್ಲೇ ತಾತನ ಹೆಸರಲ್ಲಿ ಪಹಣಿ ಬರ್ತಿತ್ತು."

ಅಷ್ಟೇ. ನನ್ನ ಪ್ರಬಂಧ ಅಲ್ಲೇ ಕುಸಿಯಿತು. ಖಾತೆ ಪುಸ್ತಕ ಹೇಳುವುದು ಈ ಹೊಲದ ಕಂದಾಯ ಯಾರ ಹೆಸರಿಗೆ ಬಾಕಿ ಅನ್ನುವುದನ್ನು. ಕಂದಾಯ ಬರುತ್ತಿದ್ದರೆ ಸರ್ಕಾರಕ್ಕೆ ತಲೆಬಿಸಿ ಇಲ್ಲ, ಕಟ್ಟಿದವನು ತಮ್ಮನೋ ಮಗನೋ ಯಾರಾದರೇನು. ಸತ್ತವರು ವರ್ಷಗಟ್ಟಲೆ ಕಂದಾಯ ಕಟ್ಟುತ್ತಲೇ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ, ನಾನು ಹಿಡಿಯಬೇಕಿತ್ತು. ಮೂವತ್ತು ವರ್ಷದ ಅಂತರದ ಎರಡು ಪುಸ್ತಕಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಹೆಸರೂ ಒಂದೇ ಅಂದರೆ ಅದು ಬರ ಇಲ್ಲದ ಕಾಲದಲ್ಲೂ ನಡೆಯದ ಮಾತು. ಮೂವತ್ತು ವರ್ಷದಲ್ಲಿ ಅರ್ಧ ಯಜಮಾನರು ಸುಮ್ನೆ ವಯಸ್ಸಾಗಿಯೇ ಹೋಗಿರುತ್ತಾರಲ್ಲ. ಇಷ್ಟು ನೆಟ್ಟಗಿರುವ ಪಟ್ಟಿ ನೋಡಿದಾಗಲೇ ಇದು ಹಳೆಯದರ ನಕಲು ಅಂತ ಅನುಮಾನ ಬರಬೇಕಿತ್ತು.

ಜನಗಣತಿ ಕೊಟ್ಟ ಸುಳಿವು

ಸ್ವಲ್ಪ ದಿನ ಬೇಜಾರಲ್ಲಿ ಎಲ್ಲ ಮುಚ್ಚಿಟ್ಟೆ. ಆಮೇಲೆ ಜನಗಣತಿಯ ಕೋಷ್ಟಕಗಳನ್ನೇ ಇನ್ನೊಮ್ಮೆ ತೆಗೆದೆ. ಈ ಸಲ ಒಟ್ಟು ಜನ ಬಿಟ್ಟು ಗಂಡು-ಹೆಣ್ಣಿನ ಲೆಕ್ಕ ನೋಡಿದೆ.

1871ರಲ್ಲಿ ಸಂಸ್ಥಾನದಲ್ಲಿ ಗಂಡಸರು ಹೆಂಗಸರಿಗಿಂತ ಸುಮಾರು 16 ಸಾವಿರ ಜಾಸ್ತಿ. 1881ರಲ್ಲಿ ತಿರುಗಿತು, ಹೆಂಗಸರು ಗಂಡಸರಿಗಿಂತ ಸುಮಾರು 14 ಸಾವಿರ ಜಾಸ್ತಿ. ಬರದಲ್ಲಿ ಗಂಡಸರು ಹೆಚ್ಚು ಸತ್ತರು ಅನ್ನುವುದು ಬೇರೆ ಬರಗಳಲ್ಲೂ ಕಾಣುವ ಸಂಗತಿಯೇ. ಒಂದಷ್ಟು ಗಂಡಸರು ಬೇರೆ ಸೀಮೆಗೆ ಹೋಗಿ ವಾಪಸ್ ಬರದೆಯೂ ಇರಬಹುದು. ಏನೇ ಇರಲಿ, ನನ್ನ ಹಳ್ಳಿಯಲ್ಲಿ ಬರದ ನಂತರ ವಿಧವೆಯರು ಜಾಸ್ತಿ ಇರಲೇಬೇಕು.

ಈ ಪ್ರಶ್ನೆ ಹಿಡಿದುಕೊಂಡು ಖಾತೆ ಪುಸ್ತಕಕ್ಕೆ ಮತ್ತೆ ಹೋದೆ. ಹಳೆಯ ದಾಖಲೆ ನೋಡಿದವರಿಗೆ ಗೊತ್ತು, ಗಂಡಸಿನ ಹೆಸರಿನ ಮುಂದೆ 'ಬಿನ್' ಅಂತಿರುತ್ತದೆ, ಇಂಥವರ ಮಗ ಅಂತ. ಹೆಂಗಸಿನ ಹೆಸರಿನ ಮುಂದೆ 'ಕೋಂ', ಇಂಥವರ ಹೆಂಡತಿ ಅಂತ. ಬರದ ನಂತರದ ಪುಸ್ತಕದಲ್ಲಿ ಪುಟ ಪುಟ ತಿರುವಿ 'ಕೋಂ' ಎಣಿಸಿದೆ. 58ರಲ್ಲಿ ಎರಡು.

ಎರಡೇ ಎರಡು! ಉಳಿದ ವಿಧವೆಯರು ಎಲ್ಲಿ ಹೋದರು? ಊರಲ್ಲಿದ್ದು ಸತ್ತ ಗಂಡನ ಹೆಸರಿನ ಹಿಂದೆ ಬೇಸಾಯ ಮಾಡುತ್ತಿದ್ದರೋ, ಮೈದುನ-ಭಾವನ ಮನೆಯಲ್ಲಿ ಒಂದು ಮೂಲೆ ಹಿಡಿದಿದ್ದರೋ, ಊರು ಬಿಟ್ಟರೋ. ಇದಕ್ಕೆ ಉತ್ತರ ಕೋರ್ಟಿನಲ್ಲಿ ಮಾತ್ರ ಸಿಗಬಹುದು, ಯಾಕೆಂದರೆ ಖಾತೆಯಲ್ಲಿ ಹೆಸರಿಲ್ಲದವಳು ಜಮೀನು ಕೇಳಬೇಕಾದರೆ ಹೋಗಬೇಕಾದ ಜಾಗ ಅದೊಂದೇ.

ಟ್ರಂಕಿನಲ್ಲಿ ಸಿಕ್ಕ ನಕಲು

ಕೋರ್ಟಿನ ಕಡತಗಳ ಕಷ್ಟ ಬೇರೆ. ಸಿವಿಲ್ ದಾವಾಗಳಲ್ಲಿ ತೀರ್ಪು, ಡಿಕ್ರಿ ಉಳಿಸುತ್ತಾರೆ, ಸಾಕ್ಷಿಗಳ ಹೇಳಿಕೆಯಂಥ ಕಾಗದಗಳನ್ನು ಗಡುವು ಮುಗಿದ ಮೇಲೆ ವಿಲೇವಾರಿ ಮಾಡುತ್ತಾರೆ. ಇತಿಹಾಸ ಬರೆಯುವವರಿಗೆ ಬೇಕಾಗಿರುವುದೋ, ಆ ಹೇಳಿಕೆಗಳೇ. ನನಗೆ ಸಿಕ್ಕಿದ್ದು ರೆಕಾರ್ಡ್ ರೂಮಿನಲ್ಲಿ ಅಲ್ಲ, ಅದೇ ಊರಿನ ಒಂದು ಮನೆಯ ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ. ಜಮೀನಿನ ಹಕ್ಕಿಗೆ ಆಧಾರ ಬೇಕಾಗುತ್ತೆ ಅಂತ ಅವರ ಮುತ್ತಜ್ಜ ಕೋರ್ಟಿನಿಂದ ತೆಗೆಸಿದ ದೃಢೀಕೃತ ನಕಲು, ಮೊಹರಿನ ಕಾಗದದ ಮೇಲೆ, ಬದಿಗಳನ್ನು ಗೆದ್ದಲು ತಿಂದಿತ್ತು. ದಾವಾ ಗೆದ್ದವರ ಮನೆಯಲ್ಲೇ ಕಾಗದ ಉಳಿಯುತ್ತದೆ ಅನ್ನುವುದನ್ನು ಗಮನಿಸಿ. ಸೋತವಳ ಕಡೆ ಯಾವ ಟ್ರಂಕೂ ಇರಲಿಲ್ಲ.

ದಾವಾ ಹೂಡಿದ್ದು 1889ರ ಜೂನ್‌ನಲ್ಲಿ, ಮುನ್ಸೀಫ್ ಕೋರ್ಟಿನಲ್ಲಿ. ವಾದಿ ಒಬ್ಬ ವಿಧವೆ. ಪ್ರತಿವಾದಿ ಅವಳ ಗಂಡನ ಅಣ್ಣ. ಹೊಲ ಒಟ್ಟು 7 ಎಕರೆ 5 ಗುಂಟೆ, 5 ಗುಂಟೆ ಖರಾಬು ಕಳೆದರೆ 7 ಎಕರೆ. ಅರ್ಧ ಅಂದರೆ 3 ಎಕರೆ 20 ಗುಂಟೆ ನನ್ನ ಗಂಡನ ಭಾಗ, ಅವರು ಬರದಲ್ಲಿ ತೀರಿಕೊಂಡರು, ನಾನು ಹೊಟ್ಟೆಪಾಡಿಗೆ ಊರು ಬಿಟ್ಟು ಹೋದಾಗ ಭಾವ ಹೊಲ ಹಿಡಿದುಕೊಂಡರು, ಬಿಡಿಸಿಕೊಡಿ ಅಂತ ಅವಳ ಕೇಳಿಕೆ.

ಖಾತೆ ಪುಸ್ತಕ ತೆಗೆದು ನೋಡಿದೆ. ಆ ಸರ್ವೆ ನಂಬರು ಬರದ ಮೊದಲೂ ಅಣ್ಣನ ಹೆಸರಲ್ಲಿ, ನಂತರವೂ ಅಣ್ಣನ ಹೆಸರಲ್ಲಿ. ನನ್ನ ಲೆಕ್ಕದಲ್ಲಿ ಇದು 'ಬರದಲ್ಲಿ ಏನೂ ಆಗದ ಕುಟುಂಬ' ಅಂತ ಟಿಕ್ ಹಾಕಿಸಿಕೊಂಡ ಖಾತೆ! ಅದೇ ಒಂದು ಸಾಲಿನ ಕೆಳಗೆ ಒಬ್ಬ ತಮ್ಮ ಸತ್ತಿದ್ದ, ಅವನ ಹೆಂಡತಿ ಕೂಸು ಕಟ್ಟಿಕೊಂಡು ಊರು ಬಿಟ್ಟಿದ್ದಳು. ಆ ತಮ್ಮ ಬದುಕಿದ್ದಾಗಲೂ ಆ ಪುಸ್ತಕದಲ್ಲಿ ಇರಲಿಲ್ಲ. ಒಂದು ಖಾತೆಗೆ ಒಂದೇ ಸಂಸಾರ ಅಂತ ನಾನು ಸುಮ್ಮನೆ ಅಂದುಕೊಂಡಿದ್ದೆ.

ಸಾಕ್ಷಿ ಓದುವುದು ಹೇಗೆ

ಭಾವನ ಉತ್ತರ ಮೂರು ಮೆಟ್ಟಿಲಿನದು. ಒಂದು, ನಮ್ಮದು ಭಾಗವಾಗದ ಮನೆ, ಅಣ್ಣತಮ್ಮಂದಿರು ಒಟ್ಟಿಗೇ ಇದ್ದೆವು. ಎರಡು, ಅವಳು ಇನ್ನೊಬ್ಬನ ಜೊತೆ ಕೂಡಿಕೆ ಆಗಿದ್ದಾಳೆ, ಅಂದರೆ ವಿಧವೆಯ ಮರುಮದುವೆ. ಮೂರು, ಅವಳು ಊರು ಬಿಟ್ಟು ಹನ್ನೆರಡು ವರ್ಷ ದಾಟಿದೆ.

ಮೊದಲ ಸಲ ಓದಿದಾಗ ನಾನು ಇದನ್ನೆಲ್ಲ ಬದುಕಿನ ಚಿತ್ರ ಅಂತಲೇ ಓದಿದೆ. ಆಮೇಲೆ ಒಬ್ಬ ವಕೀಲ ಗೆಳೆಯನ ಹತ್ತಿರ ಕೂತಾಗ ಗೊತ್ತಾಯಿತು, ಮೂರೂ ಕಾನೂನಿನ ಅಚ್ಚಿಗೆ ಸರಿಯಾಗಿ ಎರಕ ಹೊಯ್ದ ಮಾತುಗಳು. ಭಾಗವಾಗದ ಮನೆಯಾದರೆ ಸತ್ತ ತಮ್ಮನ ಪಾಲು ಅಣ್ಣನಿಗೇ ಸೇರುತ್ತದೆ, ವಿಧವೆಗೆ ಜೀವನಾಂಶ ಮಾತ್ರ. ಭಾಗವಾಗಿದ್ದು ಗಂಡುಮಕ್ಕಳೂ ಇಲ್ಲದಿದ್ದರೆ ಅವಳಿಗೆ ಅವಳ ಜೀವ ಇರುವವರೆಗೆ ಜಮೀನು. ಇನ್ನು ಕೂಡಿಕೆ. ಅವಳು ಯಾರದೋ ಜೊತೆ ಇದ್ದಳು ಅಂತ ಹೇಳಿದರೆ ಸಾಲದಾಗಿತ್ತು, ಯಾಕೆಂದರೆ ಒಮ್ಮೆ ವಿಧವೆಗೆ ಬಂದ ಆಸ್ತಿ ಆಮೇಲಿನ ನಡತೆಯಿಂದ ಹೋಗುವುದಿಲ್ಲ ಅಂತ ಪ್ರಿವಿ ಕೌನ್ಸಿಲ್ 1880ರಲ್ಲಿ ತೀರ್ಪು ಕೊಟ್ಟಿತ್ತು. ಮರುಮದುವೆ ಆದರೆ ಮಾತ್ರ ಹೋಗುತ್ತಿತ್ತು. ಅದಕ್ಕೇ ಭಾವನ ಸಾಕ್ಷಿಗಳು ಬರೀ 'ಜೊತೆಗೆ ಹೋದಳು' ಅನ್ನುವುದಿಲ್ಲ, 'ಸೀರೆ ಕೊಟ್ಟು ಕೂಡಿಕೆ ಮಾಡಿಕೊಂಡ' ಅಂತಲೇ ಹೇಳುತ್ತಾರೆ.

ವಾದಿಯ ಕಡೆಯವರೂ ಕಮ್ಮಿ ಇಲ್ಲ. ಅವಳ ಪರ ಐದು ಜನ ಸಾಕ್ಷಿ, ಐದೂ ಜನ "ಒಲೆ ಬೇರೆ, ಕಣ ಬೇರೆ, ಎತ್ತು ಬೇರೆ" ಅಂತ ಅದೇ ಕ್ರಮದಲ್ಲಿ, ಅದೇ ಪದಗಳಲ್ಲಿ. ಐದು ಜನ ರೈತರು ಐದು ಬೇರೆ ದಿನ ಒಂದೇ ಪ್ರಾಸದಲ್ಲಿ ಮಾತಾಡುತ್ತಾರಾ? ವಕೀಲರ ಜಗುಲಿ ಮೇಲೆ ಪಾಠ ಆಗಿದೆ ಅಂತ ಸ್ಪಷ್ಟ. ಹಾಗಂತ ಸುಳ್ಳು ಅಂತಲೂ ಅಲ್ಲ, ನಿಜವನ್ನೂ ಜನ ಹೇಳಿಕೊಟ್ಟ ಹಾಗೇ ಹೇಳುತ್ತಾರೆ. ಆದರೆ ಆ ಸಾಲಿನಿಂದ ನಾನು ಆ ಮನೆಯ ಒಲೆ ಎಷ್ಟಿತ್ತು ಅಂತ ತೀರ್ಮಾನಿಸುವ ಹಾಗಿಲ್ಲ.

ಇನ್ನೊಂದು ತೊಡಕು. ಹೇಳಿಕೆಗಳಲ್ಲಿ ವಕೀಲರ ಪ್ರಶ್ನೆ ಬರೆದಿಲ್ಲ. ಉತ್ತರಗಳನ್ನಷ್ಟೇ ಹೊಲಿದು ಒಂದು ಕಥೆಯ ಹಾಗೆ ಬರೆದಿದ್ದಾರೆ. "ನಾನು ಸಾಲ ಕೊಟ್ಟಿಲ್ಲ. ನನಗೂ ಪ್ರತಿವಾದಿಗೂ ದ್ವೇಷವಿಲ್ಲ. ಬಾವಿಯ ವಿಷಯ ನನಗೆ ತಿಳಿಯದು." ಇದನ್ನು ಓದಿದರೆ ಮನುಷ್ಯ ಏನೇನೋ ಬಡಬಡಿಸುತ್ತಿದ್ದಾನೆ ಅನ್ನಿಸುತ್ತದೆ. ಒಂದೊಂದು ವಾಕ್ಯದ ಹಿಂದೆಯೂ ಒಂದು ಪ್ರಶ್ನೆ ಇಟ್ಟುಕೊಂಡು ಓದಿದರೆ, ಯಾವ ಮಾತು ಕೇಳಿದ್ದಕ್ಕೆ ಬಂದಿದ್ದು, ಯಾವುದು ತಾನಾಗಿ ಬಾಯಿಂದ ಜಾರಿದ್ದು ಅಂತ ನಿಧಾನಕ್ಕೆ ಬೇರೆಯಾಗುತ್ತದೆ. ನಾನು ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಪಕ್ಕ ಪ್ರಶ್ನೆ ಬರೆದುಕೊಂಡೇ ಓದಿದೆ. ಮೂರು ವಾರ ಹಿಡಿಯಿತು. ಪ್ರಶ್ನೆಯೇ ಹೊಂದದ ಸಾಲುಗಳಿಗೆ ಕೆಂಪು ಗೆರೆ.

ವಯಸ್ಸು ಅಂತೂ ಕೇಳಲೇಬೇಡಿ. 1889ರ ಹೇಳಿಕೆಯಲ್ಲಿ ವಾದಿಗೆ 30 ವರ್ಷ, 1891ರ ಅರ್ಜಿಯಲ್ಲಿ 40. ಗುಮಾಸ್ತ ಮುಖ ನೋಡಿ ಬರೆದದ್ದು. ಆಗಿನ ಜನಗಣತಿಯ ವಯಸ್ಸಿನ ಲೆಕ್ಕದಲ್ಲೂ ಇದೇ ರೋಗ, ಜನ 30, 40, 50ರಲ್ಲಿ ಗುಂಪುಗೂಡುತ್ತಾರೆ, 29 ಅಥವಾ 41ರಲ್ಲಿ ಯಾರೂ ಇರುವುದೇ ಇಲ್ಲವೇನೋ ಅನ್ನುವ ಹಾಗೆ. ವಯಸ್ಸಿನ ಆಧಾರದ ಮೇಲೆ ಏನನ್ನೂ ಕಟ್ಟಬಾರದು ಅಂತ ಆಗಲೇ ಬಿಟ್ಟೆ.

ನೀರುಗಂಟಿಯ ಒಂದು ಮಾತು

ಮೂರನೆಯ ಮೆಟ್ಟಿಲಿಗೆ ಬರೋಣ, ಪ್ರಕರಣ ತಿರುಗಿದ್ದು ಅಲ್ಲೇ. ಜಮೀನು ಬೇರೆಯವರ ಕೈಗೆ ಹೋದ ಮೇಲೆ ಹನ್ನೆರಡು ವರ್ಷದೊಳಗೆ ದಾವಾ ಹೂಡಬೇಕು. ಅವಳು ಹೋದದ್ದು ಮಾಘ ಮಾಸ ಅನ್ನುವುದಕ್ಕೆ ಇಬ್ಬರದೂ ಒಪ್ಪಿಗೆ ಇದೆ. ಯಾವ ವರ್ಷದ ಮಾಘ ಅನ್ನುವುದೇ ಜಗಳ. ಭಾವ ಹೇಳುವುದು ಧಾತು ಸಂವತ್ಸರ. ಅಂದರೆ 1877ರ ಜನವರಿ-ಫೆಬ್ರವರಿ. ಅಲ್ಲಿಂದ ಹನ್ನೆರಡು ವರ್ಷ ಅಂದರೆ 1889ರ ಫೆಬ್ರವರಿಗೆ ಅವಧಿ ಮುಗಿಯಿತು, ಜೂನ್‌ನ ದಾವಾ ತಡವಾಯಿತು. ಅವಳು ಹೇಳುವುದು ಈಶ್ವರ ಸಂವತ್ಸರ, 1878ರ ಮಾಘ. ಹಾಗಾದರೆ 1890ರ ಫೆಬ್ರವರಿವರೆಗೆ ಸಮಯ ಇದೆ. ಒಂದೇ ಒಂದು ಸಂವತ್ಸರದ ಮೇಲೆ ಮೂರೂವರೆ ಎಕರೆ ನಿಂತಿದೆ. ಇಂಥ ಕಡೆ ಎರಡೂ ಕಡೆಯವರು ಹೇಳುವ ತಾರೀಖನ್ನು ನಂಬುವ ಹಾಗೇ ಇಲ್ಲ.

ಭಾವನ ಕಡೆಯ ನಾಲ್ಕನೆಯ ಸಾಕ್ಷಿ ಊರಿನ ನೀರುಗಂಟಿ. ಕೆರೆ ತೂಬಿನಿಂದ ಗದ್ದೆಗಳಿಗೆ ನೀರು ಬಿಡುವವನು. ಅವನನ್ನು ಕರೆಸಿದ್ದು ಅವಳು ಇನ್ನೊಬ್ಬನ ಹಿಂದೆ ಹೋದದ್ದನ್ನು ನೋಡಿದ್ದೇನೆ ಅಂತ ಹೇಳಿಸಲಿಕ್ಕೆ, ಅದನ್ನು ಹೇಳಿದ್ದಾನೆ. ಧಾತು ಮಾಘ ಅಂತಲೂ ಹೇಳಿದ್ದಾನೆ. ಪಾಟೀಸವಾಲಿನಲ್ಲಿ ನೀನು ಆಗ ಎಲ್ಲಿದ್ದೆ ಅಂತ ಕೇಳಿರಬೇಕು. ಉತ್ತರ ಹೀಗಿದೆ: "ಆಕೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಏರಿಯ ಮೇಲೆ ಹೋದಳು. ನಾನು ತೂಬಿನ ಹತ್ತಿರ ಇದ್ದೆ. ವೈಶಾಖದ ಪೈರಿಗೆ ನೀರು ಬಿಡುತ್ತಿದ್ದೆ."

ಈ ಕೊನೆಯ ಸಾಲಿಗೆ ನಾನು ಕೆಂಪು ಗೆರೆ ಎಳೆದಿದ್ದೆ. ಯಾರೂ ಕೇಳಿಲ್ಲ, ಯಾರಿಗೂ ಲಾಭ ಇಲ್ಲ, ಅವನ ಕೆಲಸ ಅದು, ಸುಮ್ನೆ ಬಾಯಿಗೆ ಬಂದಿದೆ. ಆದರೆ ಬೇಸಿಗೆಯ ಭತ್ತಕ್ಕೆ ನೀರು ಬಿಡಬೇಕು ಅಂದರೆ ಮಾಘದಲ್ಲಿ ಕೆರೆಯಲ್ಲಿ ನೀರಿರಬೇಕು. 1876ರಲ್ಲಿ ಮಳೆ ಕೈಕೊಟ್ಟು 1877ರ ಶುರುವಿನಲ್ಲಿ ಆ ಸೀಮೆಯ ಜನ ಕುಡಿಯುವ ನೀರಿಗೇ ಪರದಾಡುತ್ತಿದ್ದರು. ಮಳೆ ಸರಿಯಾಗಿ ಬಂದದ್ದು 1877ರ ಸೆಪ್ಟೆಂಬರ್ ಹೊತ್ತಿಗೆ. ತೂಬಿನಲ್ಲಿ ನೀರು ಹರಿಯುವುದಾದರೆ ಅದು ಈಶ್ವರ ಮಾಘ.

ಇಷ್ಟಕ್ಕೇ ನಿಲ್ಲಿಸಬಾರದು ಅಂತ ಮೂರನೆಯ ಕಾಗದ ಹುಡುಕಿದೆ. ಮೊದಲ ಸಲ ಖಾತೆ ಪುಸ್ತಕ ನೋಡುವಾಗ ಜಮಾಬಂದಿ ಲೆಕ್ಕವನ್ನು ಬರೀ ಅಂಕಿ ಅಂತ ಪಕ್ಕಕ್ಕಿಟ್ಟಿದ್ದೆ. ಅದರಲ್ಲಿ ಪ್ರತಿ ವರ್ಷ ಊರಿಗೆ ಎಷ್ಟು ಕಂದಾಯ ನಿಗದಿ, ಎಷ್ಟು ವಜಾ, ಯಾಕೆ ವಜಾ ಅಂತ ಇರುತ್ತದೆ. ಧಾತು ಸಂವತ್ಸರದ ಕೆಳಗೆ ಆ ಕೆರೆಯ ತರಿ ಜಮೀನಿಗೆ ಪೂರ್ತಿ ವಜಾ, ಕಾರಣ ಕೆರೆಗೆ ನೀರು ಬಂದಿಲ್ಲ. ಈಶ್ವರದ ಕೆಳಗೆ ಒಂದು ಭಾಗ ಮಾತ್ರ ವಜಾ, ಉಳಿದದ್ದು ವಸೂಲಾಗಿದೆ. ಈ ಲೆಕ್ಕ ಬರೆದವನಿಗೆ ಆ ವಿಧವೆ ಯಾರೋ, ದಾವಾ ಏನೋ ಗೊತ್ತಿಲ್ಲ, ದಾವಾ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಬರೆದದ್ದು. ಅದಕ್ಕೇ ಅದರ ಮಾತಿಗೆ ತೂಕ.

ನೀರುಗಂಟಿ ಬೇರೆ ಯಾವುದೋ ವರ್ಷದ ನೆನಪನ್ನು ಇಲ್ಲಿ ಬೆರೆಸಿರಬಹುದಲ್ಲ? ಯೋಚನೆ ಮಾಡಿದೆ. ಅದರ ಹಿಂದಿನ ಯುವ ಸಂವತ್ಸರದಲ್ಲಿ ಗಂಡ ಇನ್ನೂ ಬದುಕಿದ್ದ, ಇದಕ್ಕೆ ಎರಡೂ ಕಡೆ ಒಪ್ಪಿಗೆ. ಮುಂದಿನ ಬಹುಧಾನ್ಯ ಅಂತ ಯಾರೂ ಹೇಳಿಲ್ಲ, ಮತ್ತು ಬಹುಧಾನ್ಯ ಆಗಿದ್ದರೂ ಅವಳ ದಾವಾ ಅವಧಿಯೊಳಗೇ ಇರುತ್ತಿತ್ತು. ಹಾಗಾಗಿ ಅವಳು ಹೇಳಿದ ತಾರೀಖೇ ಸರಿ ಅಂತ ಬರೆಯಲು ನನಗೆ ಅಳುಕಿಲ್ಲ.

ಇದರಿಂದ ಇನ್ನೊಂದು ವಿಷಯವೂ ಬದಲಾಯಿತು. ಬರದ ನಡುಮಧ್ಯೆ, ಕೆರೆ ಒಣಗಿ ಬಿರುಕು ಬಿಟ್ಟಿದ್ದಾಗ, ಅವಳು ಊರು ಬಿಡಲಿಲ್ಲ. ಮಳೆ ಬಂದು, ಗದ್ದೆಗೆ ನೀರು ಹರಿದು, ಹೊಲಕ್ಕೆ ಮತ್ತೆ ಬೆಲೆ ಬಂದ ಮೇಲೆ ಬಿಟ್ಟಳು. ಹಸಿವಿಗೆ ಹೋದಳು ಅಂತ ಅವಳೇ ಹೇಳಿಕೊಂಡಿದ್ದಾಳೆ, ಹಸಿವು ಸುಳ್ಳೂ ಅಲ್ಲ, ಮಳೆ ಬಂದ ಮಾತ್ರಕ್ಕೆ ಮನೆಗೆ ರಾಗಿ ಬರುವುದಿಲ್ಲ. ಆದರೂ ಉಳುವ ಎತ್ತಿಲ್ಲದ ವಿಧವೆಗೆ ಹೊಲ ಭಾರವಾಗಿದ್ದಾಗ ಯಾರೂ ಅವಳನ್ನು ಓಡಿಸಿರಲಿಲ್ಲ, ಹೊಲ ಬೆಳೆಯುವಂತಾದಾಗ ಅವಳಿಗೆ ಅಲ್ಲಿ ಜಾಗ ಇರಲಿಲ್ಲ. ಹೀಗೆ ಓದುವುದು ನನ್ನ ಊಹೆ, ಕಾಗದದಲ್ಲಿ ಬರೆದಿಲ್ಲ. ತಾರೀಖು ಮಾತ್ರ ಕಾಗದದ್ದು.

ತೀರ್ಪು

ಮುನ್ಸೀಫರು ನೀರುಗಂಟಿಯ ತೂಬಿನ ಮಾತನ್ನು ಮುಟ್ಟಲೇ ಇಲ್ಲ. ಅವರಿಗೆ ಅದರ ಅಗತ್ಯವೇ ಬರಲಿಲ್ಲ. ಕೂಡಿಕೆ ರುಜುವಾಗಿಲ್ಲ ಅಂದರು. ಆದರೆ ಭಾಗವಾಗಿದ್ದೂ ರುಜುವಾಗಿಲ್ಲ, ಸರ್ವೆಯ ಕಾಲದಿಂದಲೂ ಖಾತೆ ಅಣ್ಣನೊಬ್ಬನ ಹೆಸರಲ್ಲೇ ಇದೆ, ಭಾಗವಾಗಿದ್ದರೆ ತಮ್ಮನ ಹೆಸರೂ ಬರಬೇಕಿತ್ತು, ಆದ್ದರಿಂದ ಮನೆ ಒಟ್ಟಾಗಿತ್ತು ಅಂತ ತಿಳಿಯಬೇಕು. ವಿಧವೆಗೆ ವರ್ಷಕ್ಕಿಷ್ಟು ಅಂತ ಜೀವನಾಂಶ.

ಓದಿ ನಗು ಬಂತು, ಆಮೇಲೆ ನಗು ನಿಂತಿತು. ಮುನ್ಸೀಫರೂ ನಾನೂ ಅದೇ ಪುಸ್ತಕ ನೋಡಿ ಅದೇ ತಪ್ಪು ಮಾಡಿದ್ದೆವು, ಅವರು 1890ರಲ್ಲಿ, ನಾನು ನೂರಮೂವತ್ತು ವರ್ಷ ಆದಮೇಲೆ. ಒಂದೇ ಖಾತೆ, ಆದ್ದರಿಂದ ಒಂದೇ ಸಂಸಾರ. ಹಿರಿಯನ ಹೆಸರಲ್ಲಿ ಖಾತೆ ಇಟ್ಟು ಕೆಳಗೆ ಬೇರೆ ಬೇರೆ ಉಳುವುದು ಹಳ್ಳಿಗಳಲ್ಲಿ ಎಲ್ಲ ಕಡೆ ಇತ್ತು. ನನ್ನ ತಪ್ಪಿನಿಂದ ಒಂದು ಪ್ರಬಂಧ ಹಾಳಾಯಿತು, ಅಷ್ಟೇ. ಅವಳ ಮನೆ ನಿಜಕ್ಕೂ ಭಾಗವಾಗಿತ್ತಾ? ಪಾಠ ಒಪ್ಪಿಸಿದ ಐದು ಸಾಕ್ಷಿಗಳಿಂದ ಅದನ್ನು ಹೇಳಲಾಗುವುದಿಲ್ಲ. ಒಂದೇ ಒಂದು ಕೆಂಪು ಗೆರೆಯ ಸಾಲು ಆ ಕಡೆ ವಾಲುತ್ತದೆ. ಭಾವನೇ ತನ್ನ ಹೇಳಿಕೆಯಲ್ಲಿ, ಬೇರೇನೋ ಹೇಳುವಾಗ, ಬರದ ವರ್ಷ ತಮ್ಮನ ಎತ್ತುಗಳು ಸತ್ತವು, ನನ್ನವು ಉಳಿದವು ಅನ್ನುತ್ತಾನೆ. ಒಟ್ಟಾಗಿದ್ದ ಮನೆಯಲ್ಲಿ ತಮ್ಮನ ಎತ್ತು ಯಾವುದು, ನನ್ನದು ಯಾವುದು?

ಅವಳು ಅಪೀಲು ಹಾಕಿದಳು. ವಿಚಾರಣೆಗೆ ಬರುವ ಮೊದಲೇ, 1891ರಲ್ಲಿ, ರಾಜಿ ಅರ್ಜಿ. ಮೂರೂವರೆ ಎಕರೆ ಬದಲು 1 ಎಕರೆ 10 ಗುಂಟೆ, ಹೊಲದ ಬಡಗಣ ಅಂಚಿನಲ್ಲಿ, ಅವಳ ಹಯಾತಿನವರೆಗೆ. ಹೆಬ್ಬೆಟ್ಟಿನ ಗುರುತು. ನನ್ನ ನಕಲಿನಲ್ಲಿ ಆ ಗುರುತೂ ಇಲ್ಲ, 'ಹೆಬ್ಬೆಟ್ಟು' ಅಂತ ನಕಲುಗಾರನ ಅಕ್ಷರ ಮಾತ್ರ.

ರಾಜಿಯಾದ ಮೇಲೂ ಖಾತೆ ಪುಸ್ತಕದಲ್ಲಿ ಏನೂ ಕದಲಲಿಲ್ಲ. ಏಳು ಎಕರೆಯೂ ಭಾವನ ಹೆಸರಲ್ಲೇ. ಖಾತೆಯನ್ನಷ್ಟೇ ನೋಡುವವರಿಗೆ ಅವಳು ದಾವಾದ ಮೊದಲೂ ಇಲ್ಲ, ಆಮೇಲೂ ಇಲ್ಲ. ಜನಗಣತಿಯಲ್ಲಿ ಇರಲೇಬೇಕು, 1881ರ ಆ ರಾತ್ರಿ ಅವಳು ಮಲಗಿದ್ದ ಊರು ಯಾವುದೋ, ಅಲ್ಲಿನ ವಿಧವೆಯರ ಮೊತ್ತದಲ್ಲಿ ಒಂದು.

ನಾನು ಅಲ್ಲಿಗೆ ಮುಗಿಸಬೇಕು ಅಂತಿದ್ದೆ. ಕೊನೆಗೆ ಮರುಸರ್ವೆಯ ಟಿಪ್ಪಣಿ ಒಂದನ್ನು ನೋಡಿಬಿಡೋಣ ಅಂತ ಹೋದೆ. ಅಳತೆಯವರು ಕಾಗದ ನೋಡುವುದಕ್ಕಿಂತ ಹೊಲದಲ್ಲಿ ನಿಂತು ಬದು ನೋಡುತ್ತಾರೆ, ಸರಪಳಿ ಹಿಡಿದು ಬದುವಿನಿಂದ ಬದುವಿಗೆ ಅಳೆಯುತ್ತಾರೆ. ಆ ಸರ್ವೆ ನಂಬರು ಈಗ ಎರಡು ಹಿಸ್ಸೆ ಆಗಿತ್ತು. ಎರಡನೆಯ ಹಿಸ್ಸೆ ಬಡಗಣ ಅಂಚಿನಲ್ಲಿ, 1 ಎಕರೆ 10 ಗುಂಟೆ, ಒಂದು ಗುಂಟೆಯೂ ಹೆಚ್ಚುಕಮ್ಮಿ ಇಲ್ಲ. ಅನುಭವದಾರನ ಹೆಸರು ಮನೆತನದ ಯಾರದೂ ಅಲ್ಲ, ಪಕ್ಕದ ಊರಿನ ಒಬ್ಬನದು. ಟ್ರಂಕಿನ ಮನೆಯವರನ್ನೇ ಕೇಳಿದೆ, ಇವನು ಯಾರು ಅಂತ. ಮನೆಯ ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತಾ, "ಅವ್ನಾ? ಆ ಯಮ್ಮನ ಅಳಿಯ" ಅಂದರು.

ಏರಿಯ ಮೇಲೆ ಕಂಕುಳಲ್ಲಿ ಹೋದ ಕೂಸಿನ ಗಂಡ. ಆ ಕೂಸಿನ ಹೆಸರು ಯಾವ ಕಾಗದದಲ್ಲೂ ಇಲ್ಲ. ಅಜ್ಜಿಗೆ ಗೊತ್ತಿತ್ತು, ನಾನು ಇಲ್ಲಿ ಬರೆಯುತ್ತಿಲ್ಲ.